ಹುಟ್ಟಿದ ತೂಕ ಕೆಳಗೆ, ಉಳಿದ ತೂಕ ಮೇಲೆ: ನಕ್ಷತ್ರಗಳ ಚಾರ್ಟ್ ಕಟ್ಟಿದ ಲಾಗ್

ನಕ್ಷತ್ರದ ಜೀವನಚಕ್ರ ಅಂತ ಹುಡುಕಿದ್ರೆ ಎಲ್ಲಾ ಕಡೆ ಅದೇ ಎರಡು ಕವಲಿನ ಚಿತ್ರ ಸಿಗತ್ತೆ, ಸಣ್ಣ ನಕ್ಷತ್ರ ಮೇಲಿನ ದಾರಿ ಹಿಡಿದು ಶ್ವೇತ ಕುಬ್ಜ ಆಗತ್ತೆ, ದೊಡ್ಡದು ಕೆಳಗಿನ ದಾರಿ ಹಿಡಿದು ಸಿಡಿದು ನ್ಯೂಟ್ರಾನ್ ತಾರೆನೋ ಕಪ್ಪುಕುಳಿನೋ ಆಗತ್ತೆ. ನಮ್ಮ ಡಿಗ್ರಿ ಕಾಲೇಜಲ್ಲಿ ಖಗೋಳದ ಎಲೆಕ್ಟಿವ್ ತಗೊಂಡಿರೋ ಹುಡುಗರು ಈ ಚಿತ್ರನ ಕಣ್ಣುಮುಚ್ಚಿ ಬರೀತಾರೆ. ಆದ್ರೆ "5 ಸೂರ್ಯರಷ್ಟು ತೂಕದ ನಕ್ಷತ್ರ ಕೊನೆಗೆ ಏನಾಗತ್ತೆ?" ಅಂತ ಕೇಳಿ ನೋಡಿ, ಅರ್ಧ ಕ್ಲಾಸು ನ್ಯೂಟ್ರಾನ್ ತಾರೆ ಅನ್ನತ್ತೆ. ಯಾಕಂದ್ರೆ ಶ್ವೇತ ಕುಬ್ಜ ತಡ್ಕೊಳ್ಳೋ ಗರಿಷ್ಠ ತೂಕ, ಅಂದ್ರೆ ಚಂದ್ರಶೇಖರ್ ಮಿತಿ, 1.4 ಅಂತ ಓದಿದಾರೆ, 5 ಅನ್ನೋದು 1.4ಕ್ಕಿಂತ ಜಾಸ್ತಿ, ಮುಗೀತು ಲೆಕ್ಕ. ಇನ್ನರ್ಧ ಕ್ಲಾಸು "8ಕ್ಕಿಂತ ಕಮ್ಮಿ ಇದ್ರೆ ಶ್ವೇತ ಕುಬ್ಜ ಸರ್" ಅನ್ನತ್ತೆ, ಅದು ಸರಿ, ಆದ್ರೆ ಹಾಗಾದ್ರೆ 1.4ರ ಕಥೆ ಏನಪ್ಪಾ ಅಂದ್ರೆ ಸುಮ್ಮನಾಗ್ತಾರೆ.

ಗೊಂದಲದ ಬೇರು ಇಷ್ಟೇ, 8 ಅನ್ನೋದು ಹುಟ್ಟುವಾಗಿನ ತೂಕ, 1.4 ಅನ್ನೋದು ಎಲ್ಲಾ ಕಳ್ಕೊಂಡ ಮೇಲೆ ಉಳಿಯೋ ತಿರುಳಿನ ತೂಕ. ಎರಡಕ್ಕೂ ಒಂದೇ ಯೂನಿಟ್, ಒಂದೇ ಪಾಠದಲ್ಲಿ ಬರತ್ತೆ, ಮಧ್ಯದಲ್ಲಿ ನಕ್ಷತ್ರ ಎಷ್ಟು ಕಳ್ಕೊಳ್ತು ಅನ್ನೋದನ್ನ ಆ ಎರಡು ಕವಲಿನ ಚಿತ್ರ ತೋರಿಸೋದೇ ಇಲ್ಲ. ಅದಕ್ಕೆ ಈ ಸೆಮಿಸ್ಟರಿಗೆ ಗೋಡೆಗೆ ಹಾಕೋ ದೊಡ್ಡ ಚಾರ್ಟ್ ಮಾಡಣ ಅಂತ ಹೊರಟೆ, ಕೆಳಗಡೆ ಒಂದು ಸ್ಕೇಲು ಹುಟ್ಟಿದ ತೂಕಕ್ಕೆ, ಮೇಲ್ಗಡೆ ಅಚ್ಚು ಅದೇ ಸ್ಕೇಲು ಉಳಿದ ತೂಕಕ್ಕೆ, ಮಧ್ಯ ದಾರ. ನಕ್ಷತ್ರ ಏನೂ ಕಳ್ಕೊಳ್ದೆ ಇದ್ರೆ ದಾರ ನೆಟ್ಟಗೆ ಮೇಲೆ ಹೋಗತ್ತೆ, ಕಳ್ಕೊಂಡಷ್ಟೂ ಎಡಕ್ಕೆ ವಾಲತ್ತೆ. ಇದರಲ್ಲಿ ತೂಕ ಅಂತ ಬರೆದ ಕಡೆಯೆಲ್ಲ ದ್ರವ್ಯರಾಶಿ ಅಂತ ಓದ್ಕೊಳಿ, ಯೂನಿಟ್ಟು ಸೂರ್ಯನದ್ದು, ಅಂದ್ರೆ ಸೂರ್ಯ = 1.

ಬೋರ್ಡು ಮತ್ತು ಸ್ಕೇಲು

8ಕ್ಕೆ 4 ಅಡಿ ಸನ್‌ಬೋರ್ಡ್ ಶೀಟು, 5 ಎಂಎಂ ದಪ್ಪದ್ದು. ಬರೀ ಅದಕ್ಕೆ ಗುಂಡುಪಿನ್ ಚುಚ್ಚಿ ದಾರ ಎಳೆದ್ರೆ ಪಿನ್ನು ದಾರದ ಕಡೆಗೇ ಬಗ್ಗತ್ತೆ, ಅದಕ್ಕೆ ಮೇಲಿನ ಕೆಳಗಿನ ಸ್ಕೇಲ್ ಬರೋ ಜಾಗದಲ್ಲಿ ಮಾತ್ರ ಹಿಂದ್ಗಡೆ ಥರ್ಮೋಕೋಲ್ ಪಟ್ಟಿ ಅಂಟಿಸಿದ್ದು. ಪಿನ್ನನ್ನ ದಾರ ಎಳೆಯೋ ದಿಕ್ಕಿಗೆ ವಿರುದ್ಧವಾಗಿ ಸ್ವಲ್ಪ ಓರೆಯಾಗಿ ಚುಚ್ಚಬೇಕು, ಟೆಂಟಿನ ಗೂಟ ಹೊಡೀತಾರಲ್ಲ ಹಾಗೆ. ದಾರ ಕಸೂತಿಗೆ ಬಳಸೋದು ಸಾಕು, ಉಲ್ಲನ್ನು ಬೇಡ, ದಪ್ಪ ಆಗಿ ಪಕ್ಕದ ಎರಡು ದಾರ ಒಂದೇ ಥರ ಕಾಣತ್ತೆ.

ಈಗ ಸ್ಕೇಲಿನ ವಿಚಾರ. ಮಾಮೂಲಿ ಸ್ಕೇಲ್ ಹಾಕಿ 100 ಸೂರ್ಯರನ್ನ 165 ಸೆಂ.ಮೀ.ಗೆ ಹಂಚಿದ್ರೆ ನಮ್ಮ ಸೂರ್ಯ ಒಂದೂವರೆ ಸೆಂ.ಮೀ. ಹತ್ರ ಕೂತಿರ್ತಾನೆ, 8 ಅನ್ನೋದು 13 ಸೆಂ.ಮೀ.ಗೆ ಬರತ್ತೆ, ಅಂದ್ರೆ ಆಕಾಶದಲ್ಲಿರೋ ಹೆಚ್ಚುಕಮ್ಮಿ ಎಲ್ಲಾ ನಕ್ಷತ್ರಗಳೂ ಆ ಮೂಲೇಲಿ ಒಂದು ಗೇಣಲ್ಲಿ ಒತ್ತರಿಸ್ಕೊಂಡು ಕೂತು ಉಳಿದ ಬೋರ್ಡ್ ಪೂರ್ತಿ ಖಾಲಿ ಹೊಡೆಯತ್ತೆ. ಹಾಗಾಗಿ ಲಾಗ್ ಸ್ಕೇಲೇ ಗತಿ. ಎಡತುದಿ 0.05 ಸೂರ್ಯ, ತೂಕ ಹತ್ತು ಪಟ್ಟು ಆದಾಗೆಲ್ಲ 50 ಸೆಂ.ಮೀ. ಬಲಕ್ಕೆ:

```python
from math import log10
for m in [0.08, 0.5, 1, 2, 5, 8, 10, 20, 25, 40, 100]:
    print(m, round(50 * log10(m / 0.05), 1))
```

0.05ರಿಂದ ಶುರು ಮಾಡಿದ್ದಕ್ಕೆ ಕಾರಣ ಇದೆ, ಹೀಗೆ ಮಾಡಿದ್ರೆ 0.5 ಸರಿಯಾಗಿ 50ಕ್ಕೆ, 5 ಸರಿಯಾಗಿ 100ಕ್ಕೆ ಬೀಳತ್ತೆ, ಸೂರ್ಯ 65.1ಕ್ಕೆ, 8 ಅನ್ನೋದು 110.2ಕ್ಕೆ, 100 ಅನ್ನೋದು 165.1ಕ್ಕೆ. ಪ್ರಿಂಟ್ ಆಗಿ ಬಂದ ಮೇಲೆ ಟೇಪ್ ಹಿಡಿದು 0.5ರಿಂದ 5ರವರೆಗೆ ಅಳೆದ್ರೆ 50 ಸೆಂ.ಮೀ. ಇರ್ಲೇಬೇಕು. ಇದನ್ನ ಅಳೀದೆ ಅಂಟಿಸಬೇಡಿ, ಪ್ರಿಂಟ್ ಅಂಗಡಿಯವರು "ಫಿಟ್ ಟು ಪೇಜ್" ಒತ್ತಿಬಿಡ್ತಾರೆ, ಮೇಲಿನ ಪಟ್ಟಿ ಒಂದು ಅಳತೆ ಕೆಳಗಿನ ಪಟ್ಟಿ ಇನ್ನೊಂದು ಅಳತೆ ಬಂದ್ರೆ ನೆಟ್ಟಗಿರಬೇಕಾದ ದಾರವೂ ವಾಲತ್ತೆ, ಆಗ ಈ ಚಾರ್ಟಿಗೆ ಅರ್ಥನೇ ಇಲ್ಲ. ಹೊಸದಾಗಿ ಕಟ್ಟೋರು ಮೊದಲು ಎರಡೂ ಸ್ಕೇಲಿನ 1ಕ್ಕೆ ಒಂದು ದಾರ ಕಟ್ಟಿ ಅದು ತೂಗುದಾರದ ಜೊತೆ ಹೊಂದತ್ತಾ ನೋಡ್ಕೊಳಿ.

ಕೆಳಗಿನ ಸ್ಕೇಲಿಗೂ ಮೇಲಿನ ಸ್ಕೇಲಿಗೂ ಮಧ್ಯ 90 ಸೆಂ.ಮೀ. ಅಂತರ. ಬೋರ್ಡಿನ ಬಲಗಡೆ ಅರ್ಧ ಮೀಟರ್ ಹತ್ರ ಜಾಗ ಉಳಿಯತ್ತೆ, ಅದನ್ನ ಖಾಲಿ ಬಿಟ್ಟಿದ್ದು ಬೇಕಂತಲೇ, ಯಾಕೆ ಅಂತ ಕೊನೇಲಿ ಬರತ್ತೆ.

ಎಡತುದಿ

0.08ರಲ್ಲಿ, ಅಂದ್ರೆ 10.2 ಸೆಂ.ಮೀ.ನಲ್ಲಿ ಮೊದಲ ಗೆರೆ. ಇದಕ್ಕಿಂತ ಹಗುರ ಇದ್ರೆ ಒಳಗೆ ಹೈಡ್ರೋಜನ್ ನಿಂತು ಉರಿಯೋಷ್ಟು ಬಿಸಿ ಏರಲ್ಲ, ಕಂದು ಕುಬ್ಜ ಆಗಿ ತಣ್ಣಗಾಗ್ತಾ ಹೋಗತ್ತೆ. ಅಲ್ಲಿಂದ 0.5ರವರೆಗೆ ಕೆಂಪು ಕುಬ್ಜಗಳು. ಇಲ್ಲಿ ನಾನು ದಾರ ಕಟ್ಟಿಲ್ಲ, ಪೆನ್ಸಿಲಲ್ಲಿ ಚುಕ್ಕಿಗೆರೆ ಎಳೆದಿದೀನಿ. ಇವು ಹೀಲಿಯಂ ಹೊತ್ತಿಸಕ್ಕಾಗದೆ ಕೊನೆಗೆ ಹೀಲಿಯಂ ಶ್ವೇತ ಕುಬ್ಜ ಆಗಬೇಕು ಅಂತ ಲೆಕ್ಕ ಹೇಳತ್ತೆ, ಆದ್ರೆ ಒಂಟಿಯಾಗಿ ಬೆಳೆದ ಯಾವ ಕೆಂಪು ಕುಬ್ಜಕ್ಕೂ ಇನ್ನೂ ಅಷ್ಟು ವಯಸ್ಸಾಗಿಲ್ಲ. ಆಯಸ್ಸಿಗೆ ಕ್ಲಾಸಲ್ಲಿ ಬಳಸೋ ಸೂತ್ರ ಇದು:

```
t = 10^10 × M^(-2.5) ವರ್ಷ
```

0.1 ಹಾಕಿದ್ರೆ 3 ಲಕ್ಷ ಕೋಟಿ ವರ್ಷ ಬರತ್ತೆ, ವಿಶ್ವದ ವಯಸ್ಸೇ 1380 ಕೋಟಿ. ವಿವರವಾದ ಮಾದರಿಗಳು ಇನ್ನೂ ಜಾಸ್ತಿನೇ ಹೇಳ್ತವೆ. ಆಕಾಶದಲ್ಲಿ ಹೀಲಿಯಂ ಶ್ವೇತ ಕುಬ್ಜ ಕಂಡಿವೆಯಲ್ಲ ಸರ್ ಅಂತ ಒಬ್ಬಳು ಕೇಳಿದ್ಲು, ಒಳ್ಳೇ ಪ್ರಶ್ನೆ, ಅವು ಪಕ್ಕದ ಜೋಡಿ ನಕ್ಷತ್ರ ಹೊರಪದರ ಕಿತ್ಕೊಂಡಿದ್ದರಿಂದ ಆದವು, ಅವಕ್ಕೆ ಈ ಚುಕ್ಕಿಗೆರೆ ಸಲ್ಲಲ್ಲ.

ಲುಬ್ಧಕದ ದಾರ

ಚಾರ್ಟಿನ ಪ್ರಾಣ ಇರೋದು 0.5ರಿಂದ 8ರ ಮಧ್ಯ. ಇಲ್ಲಿ ನಕ್ಷತ್ರ ಕೆಂಪು ದೈತ್ಯ ಆಗಿ ಉಬ್ಬಿ, ಹೀಲಿಯಂ ಉರಿಸಿ ಇಂಗಾಲ ಆಮ್ಲಜನಕ ಮಾಡ್ಕೊಂಡು, ಮತ್ತೆ ಉಬ್ಬಿ, ಹೊರಪದರ ಪೂರ್ತಿ ಗಾಳಿಗೆ ತೂರಿಬಿಡತ್ತೆ. ಆ ತೂರಿದ್ದು ಗ್ರಹ ನೀಹಾರಿಕೆ, ಒಳಗೆ ಉಳಿದದ್ದು ಶ್ವೇತ ಕುಬ್ಜ. ಎಷ್ಟು ಉಳಿಯತ್ತೆ ಅನ್ನೋದಕ್ಕೆ ನಕ್ಷತ್ರಗುಚ್ಛಗಳಲ್ಲಿರೋ ಶ್ವೇತ ಕುಬ್ಜಗಳನ್ನ ಅಳೆದು ಮಾಡಿರೋ ನೇರಗೆರೆ ಸೂತ್ರಗಳಿವೆ, ನಾನು ಬಳಸಿದ್ದು 2008ರದ್ದು:

```
M_f = 0.109 × M_i + 0.394
```

M_i ಹುಟ್ಟಿದ ತೂಕ, M_f ಉಳಿದ ತೂಕ. ಸೂರ್ಯನಿಗೆ ಇದು 0.50 ಕೊಡತ್ತೆ, ಸೂರ್ಯನಿಗಂತಲೇ ಮಾಡಿದ ಮಾದರಿಗಳು 0.54ರ ಆಸುಪಾಸು ಹೇಳ್ತವೆ, ನಾನು ಪಿನ್ ಚುಚ್ಚಿದ್ದು 0.54ಕ್ಕೆ. ಬೋರ್ಡಲ್ಲಿ ಎರಡರ ನಡುವೆ ಎರಡು ಸೆಂ.ಮೀ. ಕೂಡ ಇಲ್ಲ. ಸೂರ್ಯನ ದಾರ 65ರಿಂದ ಹೊರಟು 51.7ಕ್ಕೆ ಸೇರತ್ತೆ, ಅಲ್ಪಸ್ವಲ್ಪ ವಾಲಿಕೆ.

ಇನ್ನು ಲುಬ್ಧಕ. ಇದು ಜೋಡಿ ನಕ್ಷತ್ರ, ನಮ್ಮ ಕಣ್ಣಿಗೆ ಕಾಣೋ ಪ್ರಕಾಶಮಾನವಾದದ್ದು 2.06 ಸೂರ್ಯ, ಅದರ ಪಕ್ಕ ಸುತ್ತೋ ಮಂಕು ಲುಬ್ಧಕ ಬಿ 1.02 ಸೂರ್ಯ, ಅದು ಶ್ವೇತ ಕುಬ್ಜ. ದೂರದರ್ಶಕದಲ್ಲಿ ಅದನ್ನ ಮೊದಲು ಕಂಡಿದ್ದು 1862ರಲ್ಲಿ. ಇಬ್ಬರೂ ಒಂದೇ ಹೊತ್ತಿಗೆ ಹುಟ್ಟಿದವರು. ಕ್ಲಾಸಲ್ಲಿ ಈ ಎರಡು ನಂಬರ್ ಬರೆದು, ಭಾರ ಇದ್ದದ್ದು ಬೇಗ ಸಾಯತ್ತೆ ಅಂತ ಓದಿದೀರಲ್ಲ, ಹಾಗಾದ್ರೆ ಹಗುರ ಇರೋದು ಯಾಕೆ ಮೊದಲು ಸತ್ತಿದೆ ಅಂತ ಕೇಳಿದ್ರೆ ಮಜಾ ಶುರುವಾಗತ್ತೆ.

ಉತ್ತರ ದಾರದಲ್ಲಿದೆ. ಲುಬ್ಧಕ ಬಿ ಹುಟ್ಟಿದ್ದು ಸುಮಾರು 5.6 ಸೂರ್ಯರಷ್ಟಾಗಿ ಅನ್ನೋದು ಈಗಿನ ಅಂದಾಜು. ಕೆಳಗಿನ ಸ್ಕೇಲಲ್ಲಿ ಅದು 102.5 ಸೆಂ.ಮೀ. ಸೂತ್ರಕ್ಕೆ 5.6 ಹಾಕಿದ್ರೆ 1.00 ಬರತ್ತೆ, ಅಳೆದದ್ದು 1.02, ಇಷ್ಟು ಹತ್ರ ಬಂದ್ರೆ ಸಾಕಪ್ಪಾ. ಮೇಲಿನ ಸ್ಕೇಲಲ್ಲಿ 1.02 ಅಂದ್ರೆ 65.5. ದಾರ 37 ಸೆಂ.ಮೀ. ಎಡಕ್ಕೆ ವಾಲಿ, ಕೆಳಗೆ ಸೂರ್ಯ ಎಲ್ಲಿ ಕೂತಿದಾನೋ ಹೆಚ್ಚುಕಮ್ಮಿ ಅದೇ ನೇರಕ್ಕೆ ಮೇಲೆ ಬಂದು ನಿಲ್ಲತ್ತೆ. ಐದು ಪಾಲಲ್ಲಿ ನಾಲ್ಕು ಪಾಲಿಗೂ ಜಾಸ್ತಿ ತೂಕ ಆಕಾಶಕ್ಕೆ ಹೋಗಿದೆ.

ವಯಸ್ಸಿನ ಲೆಕ್ಕವೂ ಕೂಡತ್ತಾ ಅಂತ ಹುಡುಗರ ಕೈಲೇ ಮಾಡಿಸ್ದೆ. 5.6ರ 2.5ನೇ ಘಾತ 74 ಚಿಲ್ಲರೆ, 1000 ಕೋಟಿನ ಅದರಿಂದ ಭಾಗಿಸಿದ್ರೆ 13.5 ಕೋಟಿ ವರ್ಷ, ಇದು ಅದು ಉರಿದ ಕಾಲ. ಶ್ವೇತ ಕುಬ್ಜ ಆದ ಮೇಲೆ ಈಗಿರೋ ಬಿಸಿಗೆ ತಣಿಯಕ್ಕೆ ಸುಮಾರು 12.6 ಕೋಟಿ ವರ್ಷ ಆಗಿದೆ ಅಂತ ಅಳತೆ ಇದೆ. ಕೂಡಿದ್ರೆ 26 ಕೋಟಿ. ಪ್ರಕಟವಾಗಿರೋ ವಯಸ್ಸು 23 ಕೋಟಿಯ ಹತ್ರ. ಬೋರ್ಡಿನ ಮೇಲೆ ಕೈಲಿ ಮಾಡೋ ಸೂತ್ರಕ್ಕೆ ಇದು ಕೆಟ್ಟ ಫಲಿತಾಂಶ ಏನಲ್ಲ. ಅದೇ 2.06ರ ಲುಬ್ಧಕ ಎ ಗೆ ಸೂತ್ರ 160 ಕೋಟಿ ವರ್ಷ ಕೊಡತ್ತೆ, ಹಾಗಾಗಿ ಅದಿನ್ನೂ ಹಾಯಾಗಿ ಉರೀತಿದೆ.

ಈ ಒಂದು ದಾರ ಕೆಂಪು ಬಣ್ಣದ್ದು ಹಾಕಿದೀನಿ, ಬೇರೆ ಎಲ್ಲ ಬಿಳಿ.

1.4ರ ಗೆರೆ ಮೇಲಿನ ಸ್ಕೇಲಲ್ಲಿ ಮಾತ್ರ

8ಕ್ಕೆ ಸೂತ್ರ 1.27 ಕೊಡತ್ತೆ. ಅದೇ ಸೂತ್ರ 1.4 ಮುಟ್ಟೋದು 9.2 ಆಸುಪಾಸಲ್ಲಿ. ಅಂದ್ರೆ "8" ಅನ್ನೋ ಗಡಿ ಸುಮ್ಮನೆ ಎಲ್ಲಿಂದಲೋ ಬಂದದ್ದಲ್ಲ, ಚಂದ್ರಶೇಖರ್ 1930ರಲ್ಲಿ ಇಂಗ್ಲೆಂಡಿಗೆ ಹೋಗೋ ಹಡಗಲ್ಲಿ ಲೆಕ್ಕ ಹಾಕ್ತಾ ಹಿಡಿದ ಮಿತಿನ ಈ ದಾರ ಹಿಡ್ಕೊಂಡು ಕೆಳಗಿಳಿಸಿದ್ರೆ ಹುಟ್ಟಿದ ತೂಕದ ಸ್ಕೇಲಲ್ಲಿ 8-9ರ ಹತ್ರ ಬಂದು ಮುಟ್ಟತ್ತೆ. ಇನ್ನೊಂದು ಕಡೆಯಿಂದಲೂ ಇದೇ ನಂಬರ್ ಸಿಗತ್ತೆ, ಸೂಪರ್‌ನೋವಾ ಆದ ಜಾಗದ ಹಳೇ ಫೋಟೋ ತೆಗೆದು ಸಿಡಿಯೋ ಮುಂಚೆ ಅಲ್ಲಿದ್ದ ನಕ್ಷತ್ರ ಯಾವ್ದು ಅಂತ ಹುಡುಕಿದ್ದಾರೆ, ಅಲ್ಲಿ ಸಿಕ್ಕ ಅತೀ ಹಗುರದವು 8ರ ಆಸುಪಾಸಿನವೇ.

ಅದಕ್ಕೆ 1.4ರ ಕೆಂಪು ಟೇಪನ್ನ ಮೇಲಿನ ಸ್ಕೇಲಿಗೆ ಮಾತ್ರ ಅಂಟಿಸಿದ್ದು, 72.4 ಸೆಂ.ಮೀ.ಗೆ, ಒಂದು ಗೇಣು ಉದ್ದ. ಒಬ್ಬ ಹುಡುಗ ಅದನ್ನ ಕೆಳಗಿನವರೆಗೂ ಎಳೀಲಾ ಸರ್ ನೀಟಾಗಿ ಕಾಣತ್ತೆ ಅಂದ. ಎಳೆದ್ರೆ 5ರ ನಕ್ಷತ್ರ ಮತ್ತೆ ನ್ಯೂಟ್ರಾನ್ ತಾರೆ ಆಗತ್ತೆ ಕಣೋ ಅಂದೆ. ಕೆಳಗೆ 8ರಿಂದ 10ರವರೆಗೆ ಗೆರೆ ಬದಲು ಬಣ್ಣ ಕಲಸಿದ ಪಟ್ಟಿ ಇದೆ, ಅಲ್ಲಿ ಕೆಲವು ಆಮ್ಲಜನಕ-ನಿಯಾನ್ ತಿರುಳಿನ ಭಾರಿ ಶ್ವೇತ ಕುಬ್ಜ ಆಗಬಹುದು, ಕೆಲವು ಕುಸಿಯಬಹುದು.

8ರಿಂದ ಆಚೆ ದಾರಗಳು ಮಾಡೋ ಚೇಷ್ಟೆ ನೋಡಬೇಕು. 10, 12, 15, 20 ಯಾವುದರಿಂದ ಹೊರಟ್ರೂ ಹೆಚ್ಚುಕಮ್ಮಿ ಎಲ್ಲಾ ಮೇಲೆ 1.3ರಿಂದ 1.8ರ ಸಂದಿಗೇ ನುಗ್ತವೆ, ಬೋರ್ಡಲ್ಲಿ ಅದು ಬರೀ ಏಳು ಸೆಂ.ಮೀ. ಜಾಗ. ಪಿನ್ನಿಗೆ ಪಿನ್ನು ತಾಗಿ ಥರ್ಮೋಕೋಲ್ ಪುಡಿಯಾಗತ್ತೆ, ಮೊದಲೇ ಊಹಿಸಿ ಅಲ್ಲಿ ಒಂದೇ ಗಟ್ಟಿ ಎಲ್ ಹುಕ್ ಹಾಕಿ ಎಲ್ಲಾ ದಾರನೂ ಅದಕ್ಕೆ ಸುತ್ತೋದು ವಾಸಿ. ಈ ಒತ್ತೊತ್ತು ಕಟ್ಟೋವ್ರ ತೊಂದ್ರೆ ಅಷ್ಟೇ ಅಲ್ಲ, ನಿಜವಾಗ್ಲೂ ಇರೋದೇ ಹೀಗೆ. ಕಬ್ಬಿಣದ ತಿರುಳು ಬೆಳೀತಾ ಬೆಳೀತಾ ಚಂದ್ರಶೇಖರ್ ಮಿತಿಯ ಹತ್ರ ಬಂದಾಗ ಕುಸಿಯತ್ತೆ, ಹೊರಗೆ ಹೊದ್ದಿರೋದು 8 ಇರ್ಲಿ 18 ಇರ್ಲಿ ತಿರುಳಿಗೆ ಅದರ ಚಿಂತೆ ಅಷ್ಟಾಗಿ ಇಲ್ಲ.

ಇಲ್ಲಿ 15 ಸೂರ್ಯರ ನಕ್ಷತ್ರಕ್ಕೆ ಒಂದು ಕಾರ್ಡ್ ತೂಗುಹಾಕಿದೀನಿ: ಹೈಡ್ರೋಜನ್ ಉರಿ ಸುಮಾರು 1.1 ಕೋಟಿ ವರ್ಷ, ಹೀಲಿಯಂ 20 ಲಕ್ಷ ವರ್ಷ, ಇಂಗಾಲ 2 ಸಾವಿರ ವರ್ಷ, ಕೊನೇಲಿ ಸಿಲಿಕಾನ್ ಸುಮಾರು 18 ದಿನ. ಈ ಕಾರ್ಡ್ ಮುಂದೆ ಮಾತ್ರ ಯಾವಾಗ್ಲೂ ಗುಂಪು. ಆಯಸ್ಸಿನ ಆ ಸೂತ್ರ ಮಾತ್ರ 10ರಿಂದ ಆಚೆ ಬಳಸಬೇಡಿ, 25 ಸೂರ್ಯಕ್ಕೆ ಅದು 32 ಲಕ್ಷ ವರ್ಷ ಅನ್ನತ್ತೆ, ಮಾದರಿಗಳು ಅದರ ಎರಡರಷ್ಟು ಹೇಳ್ತವೆ. ಭಾರಿ ನಕ್ಷತ್ರಗಳಲ್ಲಿ ತೂಕ ಏರಿದ ಹಾಗೆ ಬೆಳಕು ಮೊದಲಿನ ರಭಸದಲ್ಲಿ ಏರಲ್ಲ, ಸೂತ್ರ ಅದೇ ರಭಸ ಇದೆ ಅಂದ್ಕೊಂಡಿರತ್ತೆ.

25ಕ್ಕೆ ಗೆರೆ ಎಳೀಬೇಕಾ?

ಬಹಳ ಪುಸ್ತಕಗಳಲ್ಲಿ 25ಕ್ಕೆ ಒಂದು ಗೆರೆ ಎಳೆದು ಆಚೆ ಕಪ್ಪುಕುಳಿ ಅಂತ ಬರೆದಿರ್ತಾರೆ. ನಾನು ಎಳೀಲಿಲ್ಲ. 1987ರಲ್ಲಿ ದೊಡ್ಡ ಮೆಗೆಲ್ಲಾನಿಕ್ ಮೋಡದಲ್ಲಿ ಸಿಡಿದ SN 1987A ಹುಟ್ಟುವಾಗ 20 ಸೂರ್ಯದ ಹತ್ರ ಇದ್ದದ್ದು, ಅದರ ತಿರುಳು ಕುಸಿದಾಗ ಹೊಮ್ಮಿದ ನ್ಯೂಟ್ರಿನೋ ಕಣಗಳು ಭೂಮಿಗೆ ಬಂದು ಪತ್ತೆಯಾದವು, ಒಳಗೆ ನ್ಯೂಟ್ರಾನ್ ತಾರೆ ಇದೆ ಅನ್ನೋದಕ್ಕೆ ಜೇಮ್ಸ್ ವೆಬ್ ದೂರದರ್ಶಕದಿಂದ 2024ರಲ್ಲಿ ಸುಳಿವು ಸಿಕ್ತು. ಇನ್ನೊಂದು ಕಡೆ NGC 6946 ಗ್ಯಾಲಕ್ಸಿಲಿ 25 ಸೂರ್ಯರಷ್ಟಿದ್ದ ಒಂದು ಕೆಂಪು ಮಹಾದೈತ್ಯ 2009ರಲ್ಲಿ ಸ್ವಲ್ಪ ಮಿನುಗಿ ಸೂಪರ್‌ನೋವಾನೂ ಆಗದೆ ಮಾಯ ಆಯ್ತು, ನೇರ ಕಪ್ಪುಕುಳಿಗೆ ಕುಸೀತು ಅಂತ ಒಂದು ವಾದ, ಇಲ್ಲ ಧೂಳಲ್ಲಿ ಮುಚ್ಕೊಂಡಿದೆ, ಎರಡು ನಕ್ಷತ್ರ ಕೂಡಿದ್ದು ಅಂತ ಇನ್ನೊಂದು. ಫೋಟೋದಲ್ಲಿ ಪತ್ತೆಯಾದ, ಸಿಡಿದ ಕೆಂಪು ಮಹಾದೈತ್ಯಗಳು 17-18ರ ಮೇಲೆ ಸಿಕ್ಕಿದ್ದು ತೀರಾ ವಿರಳ, ಆದ್ರೆ ಅದಕ್ಕಿಂತ ಭಾರಿ ಮಹಾದೈತ್ಯಗಳು ಆಕಾಶದಲ್ಲಿ ಇವೆ. ಮೇಲಾಗಿ ಮಾದರಿಗಳನ್ನ ಓಡಿಸಿದ್ರೆ 18ರಿಂದ 40ರ ಮಧ್ಯ ಒಂದು ಸಿಡಿಯತ್ತೆ, ಪಕ್ಕದ್ದು ಸಿಡಿಯಲ್ಲ, ಮತ್ತೊಂದು ಸಿಡಿಯತ್ತೆ, ಒಳಗಿನ ಪದರ ಹೇಗೆ ಕೂತಿದೆ ಅನ್ನೋದರ ಮೇಲೆ ಎಲ್ಲಾ ನಿಂತಿದೆ.

ಹಾಗಾಗಿ ಆ ಪಟ್ಟಿಲಿ ನ್ಯೂಟ್ರಾನ್ ತಾರೆಗೆ ನೀಲಿ ಚುಕ್ಕಿ, ಕಪ್ಪುಕುಳಿಗೆ ಕಪ್ಪು ಚುಕ್ಕಿ ಬೆರೆಸಿ ಅಂಟಿಸಿದೀನಿ, ಎಡಕ್ಕೆ ನೀಲಿ ಜಾಸ್ತಿ ಬಲಕ್ಕೆ ಕಪ್ಪು ಜಾಸ್ತಿ. ಆರಿದ್ರಾ ನಕ್ಷತ್ರದ ಹೆಸರಿನ ಚೀಟಿ 16-19ರ ಹತ್ರ, ಅಂದ್ರೆ ಸರಿಯಾಗಿ ಬಣ್ಣ ಕಲಸಕ್ಕೆ ಶುರುವಾಗೋ ಜಾಗದಲ್ಲಿ ಬಿತ್ತು, ನಮ್ಮ ಹುಡುಗರಿಗೆ ಅದು ಭಾರಿ ಇಷ್ಟ ಆಯ್ತು.

ಕಪ್ಪುಕುಳಿಗಳಿಗೆ ಮೇಲ್ಗಡೆ ಪಿನ್ ಇಲ್ಲ, ಒಂದು ಅಗಲದ ಕಪ್ಪು ರಿಬ್ಬನ್ ಇದೆ, 5ರಿಂದ 20ರವರೆಗೆ. ಯಾವ ತೂಕದಿಂದ ಹೊರಟದ್ದು ಎಲ್ಲಿ ಸೇರತ್ತೆ ಅಂತ ದಾರ ಕಟ್ಟೋಷ್ಟು ಧೈರ್ಯ ನನಗಿಲ್ಲ, ಯಾಕಂದ್ರೆ ಸಾಯೋ ಮುಂಚೆ ಗಾಳಿಲಿ ಎಷ್ಟು ತೂರಿಹೋಗತ್ತೆ ಅನ್ನೋದು ಹುಟ್ಟಿದ ಮೋಡದಲ್ಲಿ ಲೋಹ, ಅಂದ್ರೆ ಹೀಲಿಯಂಗಿಂತ ಭಾರದ ಧಾತುಗಳು, ಎಷ್ಟಿತ್ತು ಅನ್ನೋದರ ಮೇಲೆ ಹೋಗತ್ತೆ. 2024ರಲ್ಲಿ ಗಾಯಾ ಉಪಗ್ರಹ ಹಿಡಿದ Gaia BH3 ಅನ್ನೋ ಕಪ್ಪುಕುಳಿ 33 ಸೂರ್ಯ ತೂಗತ್ತೆ, ಅದರ ಜೊತೆ ಸುತ್ತೋ ನಕ್ಷತ್ರದಲ್ಲಿ ಲೋಹ ತೀರಾ ಕಮ್ಮಿ, ಅಂಥ ಕಡೆ ಹುಟ್ಟಿದವು ಗಾಳಿಗೆ ಕಮ್ಮಿ ಕಳ್ಕೊಳ್ತವೆ. ಅದಕ್ಕೆ ಮೇಲೆ 141 ಸೆಂ.ಮೀ.ನಲ್ಲಿ ದಾರ ಇಲ್ಲದ ಒಂಟಿ ಪಿನ್. ಸುಮಾರು 2.2ರಿಂದ 5ರವರೆಗೆ, 82ರಿಂದ 100 ಸೆಂ.ಮೀ., ಮೇಲಿನ ಸ್ಕೇಲಲ್ಲಿ ಹೆಚ್ಚುಕಮ್ಮಿ ಖಾಲಿ ಜಾಗ. ಗುರುತ್ವದ ಅಲೆಗಳಲ್ಲಿ ಒಂದೆರಡು ಅಲ್ಲಿ ಸಿಕ್ಕಿವೆ, GW190814 ಅನ್ನೋ ಡಿಕ್ಕಿಯ ಹಗುರದ ಕಾಯ 2.6 ಸೂರ್ಯ, ಅದು ನ್ಯೂಟ್ರಾನ್ ತಾರೆನೋ ಕಪ್ಪುಕುಳಿನೋ ಇನ್ನೂ ಇತ್ಯರ್ಥ ಆಗಿಲ್ಲ. ಅದಕ್ಕೆ ಬೂದು ಚೀಟಿ.

ಚಾರ್ಟ್ ಹೇಳೋ ಒಂದು ಸುಳ್ಳು

ಲಾಗ್ ಸ್ಕೇಲಲ್ಲಿ 8ರಿಂದ 100ಕ್ಕೆ ಬೋರ್ಡಿನ ಮೂರನೇ ಒಂದು ಪಾಲು ಸಿಗತ್ತೆ. ನೋಡಿದವರು ಮೂರರಲ್ಲಿ ಒಂದು ನಕ್ಷತ್ರ ಸಿಡಿಯತ್ತೆ ಅಂದ್ಕೊಳ್ತಾರೆ. ಹುಟ್ಟೋ ನಕ್ಷತ್ರಗಳಲ್ಲಿ 8 ದಾಟೋದು ನೂರಕ್ಕೆ ಒಂದೂ ಇಲ್ಲ, ಮುಕ್ಕಾಲು ಪಾಲು ಎಡಗಡೆಯ ಆ ಚುಕ್ಕಿಗೆರೆ ಕೆಂಪು ಕುಬ್ಜಗಳು. ಇದಕ್ಕೆ ಕೆಳಗಿನ ಸ್ಕೇಲಿನ ಕೆಳಗೆ ಸಾಸಿವೆ ಅಂಟಿಸಿದ್ವಿ, ಎಡಗಡೆ ಒತ್ತೊತ್ತಾಗಿ, ಸೂರ್ಯನ ಹತ್ರ ತೆಳ್ಳಗೆ, 8ರ ಆಚೆ ಎಲ್ಲಾ ಸೇರಿ ನಾಲ್ಕೈದು ಕಾಳು. ಫೆವಿಕಾಲ್ ತೆಳ್ಳಗೆ ಹಚ್ಚಿ ಉದುರಿಸಿದ್ರೆ ನಿಲ್ಲತ್ತೆ, ಆದ್ರೆ ಇರುವೆ ಬರತ್ತೆ, ಮೇಲೆ ವಾರ್ನಿಷ್ ಹೊಡೀಬೇಕು.

ಬಲಗಡೆ ಖಾಲಿ ಬಿಟ್ಟ ಜಾಗ ಜೋಡಿ ನಕ್ಷತ್ರಗಳಿಗೆ. ಇಡೀ ಚಾರ್ಟ್ ಒಂಟಿಯಾಗಿ ಬದುಕೋ ನಕ್ಷತ್ರಗಳದ್ದು. ಆಲ್ಗಾಲ್ ಅನ್ನೋ ಜೋಡಿ ನಕ್ಷತ್ರ ತಗೊಳಿ, ಅಲ್ಲಿ ಭಾರದ್ದು ಇನ್ನೂ ತಿರುಳಲ್ಲಿ ಹೈಡ್ರೋಜನ್ ಉರಿಸ್ತಾ ಮುಖ್ಯ ಅನುಕ್ರಮದಲ್ಲಿದೆ, ಹಗುರದ್ದು ಆಗ್ಲೇ ಉಬ್ಬಿದೆ, ಯಾಕಂದ್ರೆ ಮೊದಲು ಭಾರ ಇದ್ದ ನಕ್ಷತ್ರ ತನ್ನ ಹೊರಪದರನ ಪಕ್ಕದ್ದಕ್ಕೆ ಸುರಿದು ಈಗ ಹಗುರ ಆಗಿದೆ. ಇಂಥದ್ದಕ್ಕೆ ಕೆಳಗಿನ ಸ್ಕೇಲಲ್ಲಿ ಒಂದು ಜಾಗ ಅಂತ ಇಲ್ಲ, ಜೀವನದ ಮಧ್ಯ ಜಾಗ ಬದಲಾಯಿಸ್ತವೆ. 1ಎ ಮಾದರಿ ಸೂಪರ್‌ನೋವಾನೂ ಇಲ್ಲೇ ಬಂತು. ಅದನ್ನ ಮುಖ್ಯ ಚಾರ್ಟಿಗೆ ಹಾಕಿ ಅಂತ ಒತ್ತಾಯ ಇತ್ತು, ಆದ್ರೆ ಅದು ಸಿಡಿಯೋದು ಶ್ವೇತ ಕುಬ್ಜ ಆಗಿ ಎಷ್ಟೋ ಕಾಲ ಆದ ಮೇಲೆ ಜೊತೆಗಾರನಿಂದ, ಹುಟ್ಟಿದ ತೂಕ ನೋಡಿ ಹೇಳಕ್ಕಾಗಲ್ಲ. ಹಂಗಾಗಿ ಶ್ವೇತ ಕುಬ್ಜಗಳ ಪಿನ್ನುಗಳ ಹತ್ರದಿಂದ ಬಲಗಡೆಯ ಆ ಜಾಗಕ್ಕೆ ಒಂದು ಹಳದಿ ರಿಬ್ಬನ್ ಸಡಿಲವಾಗಿ ಎಳೆದು ಬಿಟ್ಟಿದೀವಿ, ಕೆಳಗೆ ಯಾವ ಸ್ಕೇಲೂ ಇಲ್ಲ.